ಕಾಯುವ ಕೋಣೆಗೆ ಮೂರು ಪೋಸ್ಟರ್: ಜ್ವರ ಹಬ್ಬಿದಾಗ ಕೈತೊಳೆಯುವುದು, ಕೆಮ್ಮುವುದರ ಬಗ್ಗೆ ಏನು ಬರೆಯಬೇಕು, ಎಲ್ಲಿ ಅಂಟಿಸಬೇಕು

ಜ್ವರ ಹಬ್ಬಿದ ವಾರ ಬಹುತೇಕ ಕ್ಲಿನಿಕ್‌ಗಳಲ್ಲಿ ಒಂದು ದೊಡ್ಡ ಪೋಸ್ಟರ್ ಗೋಡೆಗೇರುತ್ತದೆ. ಮೇಲೆ ‘ಸಾರ್ವಜನಿಕರ ಗಮನಕ್ಕೆ’ ಎಂಬ ತಲೆಬರಹ, ಕೆಳಗೆ ಹತ್ತು ಹನ್ನೆರಡು ಸೂಚನೆಗಳು. ಖಾಲಿ ಜಾಗ ಇರುವುದು ಅಲ್ಲೇ ಎಂದು ಅದನ್ನು ಚೀಟಿ ಕೌಂಟರ್ ಪಕ್ಕದಲ್ಲಿ ಅಂಟಿಸುತ್ತಾರೆ. ಆದರೆ ಕೌಂಟರ್ ಮುಂದೆ ನಿಂತವರ ಗಮನ ತಮ್ಮ ಸರದಿಯ ಮೇಲಿರುತ್ತದೆ. ಕುರ್ಚಿಯಲ್ಲಿ ಕುಳಿತವರಿಗೆ ಅಷ್ಟು ದೂರದ ಅಕ್ಷರ ಓದಲಾಗುವುದಿಲ್ಲ. ಸಿಂಕ್ ಇನ್ನೊಂದು ಮೂಲೆಯಲ್ಲಿದೆ. ಅಲ್ಲಿಗೆ ಹೋಗಿ ನಲ್ಲಿ ತಿರುಗಿಸುವ ಹೊತ್ತಿಗೆ ಓದಿದ ಏಳು ಹಂತಗಳಲ್ಲಿ ಒಂದೂ ನೆನಪಿನಲ್ಲಿ ಉಳಿದಿರುವುದಿಲ್ಲ. ಜ್ವರದಲ್ಲಿ ತಲೆ ಸಿಡಿಯುತ್ತಿರುವವರಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದೂ ತಪ್ಪು.

ಹಾಗಾಗಿ ಬರೆಯುವ ಮೊದಲೇ ಒಂದು ತೀರ್ಮಾನ ಮಾಡಿಕೊಳ್ಳಿ: ಪೋಸ್ಟರಿನ ಪ್ರತಿ ಸಾಲೂ ಓದುವವರು ಆ ಜಾಗದಲ್ಲಿ, ಆ ಗಳಿಗೆಯಲ್ಲಿ ಮಾಡಬಹುದಾದ ಕೆಲಸವನ್ನೇ ಹೇಳಬೇಕು. ಬೇರೆ ಜಾಗದಲ್ಲಿ ಮಾಡುವ ಕೆಲಸ ಬೇರೆ ಪೋಸ್ಟರಿಗೆ ಹೋಗಬೇಕು. ಈ ಲೆಕ್ಕದಲ್ಲಿ ಸಾಧಾರಣ ಕಾಯುವ ಕೋಣೆಗೆ ಮೂರು ಪೋಸ್ಟರ್ ಸಾಕು. ಬಾಗಿಲಿಗೆ ಒಂದು, ಕುರ್ಚಿಗಳ ಎದುರಿನ ಗೋಡೆಗೆ ಒಂದು, ಸಿಂಕ್ ಮೇಲೆ ಒಂದು. ಸುಮಾರು 20 ಕುರ್ಚಿ, ಒಂದು ಬಾಗಿಲು, ಒಂದು ಕೌಂಟರ್, ಒಂದು ಸಿಂಕ್ ಇರುವ, ದಿನಕ್ಕೆ ನೂರರಷ್ಟು ಜನ ಬರುವ ಒಂದು ಕೋಣೆಯನ್ನು ಇಟ್ಟುಕೊಂಡು ಮೂರನ್ನೂ ಇಲ್ಲಿ ಪೂರ್ತಿ ಬರೆದು ತೋರಿಸಿದ್ದೇವೆ. ನಿಮ್ಮ ಕೋಣೆಗೆ ತಕ್ಕಂತೆ ಮಾತು ಬದಲಿಸಿಕೊಳ್ಳಿ.

ಮೊದಲು: ಯಾವ ಜ್ವರ, ಏನೇನು ಸಾಮಾನಿದೆ

‘ಜ್ವರ ತಡೆಯಲು ಕೈ ತೊಳೆಯಿರಿ’ ಎಂದು ಬರೆಯಬೇಡಿ. ಒಂದೇ ಕಾಲದಲ್ಲಿ ಹಲವು ಜ್ವರಗಳು ಓಡಾಡುತ್ತಿರುತ್ತವೆ. ಫ್ಲೂನಂಥ ಕೆಮ್ಮು, ನೆಗಡಿಯ ಜ್ವರ ಉಸಿರಿನ ಹನಿಗಳಿಂದ, ಗಾಳಿಯಿಂದ, ಕೈಯಿಂದ ಹರಡುತ್ತದೆ. ಡೆಂಗಿ, ಮಲೇರಿಯಾ ಸೊಳ್ಳೆಯಿಂದ ಬರುತ್ತವೆ. ಎಷ್ಟು ಸಲ ಕೈ ತೊಳೆದರೂ ಅವು ನಿಲ್ಲುವುದಿಲ್ಲ. ಕೈ ತೊಳೆದರೆ ಎಲ್ಲ ಜ್ವರವೂ ದೂರ ಎಂದು ನಂಬಿದವರು ಮನೆಯಲ್ಲಿ ನಿಂತ ನೀರಿನ ಕಡೆ ನೋಡದೆ ಹೋಗಬಹುದು. ಆದ್ದರಿಂದ ಈ ಮೂರು ಪೋಸ್ಟರ್‌ಗಳಲ್ಲಿ ಎಲ್ಲೆಲ್ಲಿ ಕಾಯಿಲೆಯ ಮಾತು ಬರುತ್ತದೋ ಅಲ್ಲೆಲ್ಲ ಬರೀ ‘ಜ್ವರ’ ಎನ್ನದೆ ‘ಕೆಮ್ಮು, ನೆಗಡಿ’ ಎಂದೇ ಇರಲಿ. ಸೊಳ್ಳೆ ಜ್ವರವೂ ಹಬ್ಬಿದ್ದರೆ ಅದಕ್ಕೆ ಬೇರೆ ಪೋಸ್ಟರ್ ಮಾಡಿ, ಇದರೊಳಗೆ ತುರುಕಬೇಡಿ.

ಎರಡನೆಯದಾಗಿ, ಕೋಣೆಯಲ್ಲಿ ಒಂದು ಸುತ್ತು ಹಾಕಿ. ನಲ್ಲಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೂ ನೀರು ಬರುತ್ತದೆಯೇ? ಸೋಪು ಇದೆಯೇ? ಕೈ ಒರೆಸಲು ಏನಿದೆ? ಮಾಸ್ಕ್ ಎಷ್ಟಿವೆ? ನೂರು ಜನರಲ್ಲಿ ಅರ್ಧದಷ್ಟು ಜನ ಕೆಮ್ಮುತ್ತಾ ಬಂದರೆ ದಿನಕ್ಕೆ 50 ಮಾಸ್ಕ್, ಆರು ದಿನಕ್ಕೆ 300 ಬೇಕು. ಅಷ್ಟು ಸಿಗುವುದಿಲ್ಲ ಎಂದಾದರೆ ‘ಮಾಸ್ಕ್ ತೆಗೆದುಕೊಳ್ಳಿ’ ಎಂಬ ಸಾಲು ಬರೆಯಬೇಡಿ. ‘ಬಟ್ಟೆಯಿಂದ ಮೂಗು, ಬಾಯಿ ಮುಚ್ಚಿಕೊಳ್ಳಿ’ ಎಂದು ಬರೆಯಿರಿ. ಖಾಲಿ ಡಬ್ಬಿಯ ಮೇಲಿರುವ ‘ಮಾಸ್ಕ್ ಇಲ್ಲಿದೆ’ ಎಂಬ ಮಾತನ್ನು ಓದಿದವರು ಮುಂದಿನ ಪೋಸ್ಟರನ್ನೂ ನಂಬುವುದಿಲ್ಲ.

ಬಾಗಿಲ ಪೋಸ್ಟರ್

ಒಳಗೆ ಬರುವವರು ಬಾಗಿಲಲ್ಲಿ ಎರಡು ಮೂರು ಸೆಕೆಂಡು ನಿಂತರೆ ಹೆಚ್ಚು. ಅಷ್ಟರಲ್ಲಿ ಓದಿ ಮುಗಿಯಬೇಕಾದದ್ದು ತಲೆಬರಹ ಮತ್ತು ಮೊದಲ ಸಾಲು ಮಾತ್ರ. ಉಳಿದದ್ದು ಮಾಸ್ಕ್ ತೆಗೆದುಕೊಳ್ಳಲು ನಿಂತವರಿಗೆ.

> ಕೆಮ್ಮು, ನೆಗಡಿ, ಗಂಟಲು ನೋವು ಇದೆಯೇ?
> 1. ಇಲ್ಲಿಂದ ಒಂದು ಮಾಸ್ಕ್ ತೆಗೆದು ಹಾಕಿಕೊಳ್ಳಿ. ಮೂಗು, ಬಾಯಿ, ಗದ್ದ ಮೂರೂ ಮುಚ್ಚಲಿ.
> 2. ಕೌಂಟರ್‌ನಲ್ಲಿ ‘ಕೆಮ್ಮು ಇದೆ’ ಎಂದು ಮೊದಲೇ ಹೇಳಿ.
> 3. ಕಿಟಕಿ ಪಕ್ಕದ ಕುರ್ಚಿಗಳಲ್ಲಿ ಕುಳಿತುಕೊಳ್ಳಿ.
>
> ಉಸಿರಾಡಲು ಕಷ್ಟವಾಗುತ್ತಿದೆಯೇ? ಸರದಿಗೆ ಕಾಯಬೇಡಿ. ಈಗಲೇ ಸಿಬ್ಬಂದಿಗೆ ಹೇಳಿ.
>
> 2 ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಹಾಕಬೇಡಿ.

ತಲೆಬರಹ ಪ್ರಶ್ನೆಯಾಗಿರುವುದಕ್ಕೆ ಕಾರಣವಿದೆ. ‘ಎಲ್ಲರೂ ಗಮನಿಸಿ’ ಎಂದರೆ ಓದುಗರು ಅದು ಬೇರೆಯವರಿಗೆ ಎಂದು ದಾಟಿಹೋಗುತ್ತಾರೆ. ‘ಕೆಮ್ಮು ಇದೆಯೇ’ ಎಂದು ಕೇಳಿದರೆ ಮನಸ್ಸಿನೊಳಗೇ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರ ಹುಟ್ಟುತ್ತದೆ, ಹೌದೆಂದವರು ಮುಂದಿನ ಸಾಲು ಓದುತ್ತಾರೆ. ಇಲ್ಲಿ ‘ಜ್ವರ’ ಎಂಬ ಪದವನ್ನು ಬೇಕೆಂದೇ ಬಿಟ್ಟಿದೆ. ಈ ದಿನಗಳಲ್ಲಿ ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಜ್ವರವಿರಬಹುದು. ಹನಿ ಚೆಲ್ಲುವವರು ಯಾರು ಎಂದು ಬೇರ್ಪಡಿಸುವುದು ಕೆಮ್ಮು ಮತ್ತು ಸೀನು.

ಮಾಸ್ಕಿನ ವಿಷಯದಲ್ಲಿ ಆಗುವ ತಪ್ಪು ಎರಡು. ಮೂಗು ಹೊರಗಿಟ್ಟು ಬಾಯಿ ಮಾತ್ರ ಮುಚ್ಚುವುದು ಒಂದು. ‘ಮೂಗು, ಬಾಯಿ, ಗದ್ದ’ ಎಂದು ಮೂರನ್ನೂ ಹೆಸರಿಸಿರುವುದು ಅದಕ್ಕೇ. ಮೇಲು ಕೆಳಗು ಗೊತ್ತಾಗದೆ ಹಾಕಿಕೊಳ್ಳುವುದು ಇನ್ನೊಂದು. ಒಳಗೆ ತಂತಿ ಇರುವ ಅಂಚು ಮೂಗಿನ ಮೇಲೆ, ಬಣ್ಣದ ಮುಖ ಹೊರಗೆ ಎಂಬುದನ್ನು ಬರೆಯುವುದಕ್ಕಿಂತ ಒಂದು ಚಿಕ್ಕ ಚಿತ್ರದಲ್ಲಿ ತೋರಿಸಿ. ಡಬ್ಬಿಯೊಳಗೆ ಎಲ್ಲರೂ ಕೈ ಹಾಕಿ ಕೆದಕದಂತೆ, ಒಂದೊಂದೇ ಎಳೆದುಕೊಳ್ಳುವ ಸೀಳು ಬಾಯಿಯ ಡಬ್ಬಿ ಇಡಿ, ಪಕ್ಕದಲ್ಲೇ ಸ್ಯಾನಿಟೈಸರ್ ಇರಲಿ. ಉಸಿರುಕಟ್ಟುತ್ತಿರುವ ವಯಸ್ಸಾದವರಿಗೆ ಮಾಸ್ಕ್ ಹಾಕಲೇಬೇಕೆಂದು ಯಾರೂ ಒತ್ತಾಯಿಸಬಾರದು. ಅವರನ್ನು ಮೊದಲು ಒಳಗೆ ಕಳಿಸಬೇಕು. ಪೋಸ್ಟರಿನಲ್ಲಿ ‘ಉಸಿರಾಡಲು ಕಷ್ಟವಾಗುತ್ತಿದೆಯೇ’ ಎಂಬ ಸಾಲಿಗೆ ದಪ್ಪಕ್ಷರ ಕೊಡಬೇಕಾದದ್ದು ಇದೇ ಕಾರಣಕ್ಕೆ, ಅದನ್ನು ಎಂದಿಗೂ ಸಣ್ಣದು ಮಾಡಬೇಡಿ.

ಅಂತರದ ಮಾತು ಈ ಪೋಸ್ಟರಿನಲ್ಲಿ ಇಲ್ಲವಲ್ಲ ಎಂದು ಕೇಳಬಹುದು. ಕೆಮ್ಮುವವರಿಂದ ಕನಿಷ್ಠ 1 ಮೀಟರ್ ದೂರವಿರಬೇಕು ಎಂಬುದು ಸರಿ. ಆದರೆ ಗೋಡೆಯ ಮೇಲೆ ‘1 ಮೀಟರ್’ ಎಂದು ಓದಿ ಯಾರೂ ಅಳೆದು ಕೂರುವುದಿಲ್ಲ. ಅಕ್ಷರಕ್ಕಿಂತ ಕುರ್ಚಿಯೇ ಇದನ್ನು ಚೆನ್ನಾಗಿ ಹೇಳುತ್ತದೆ. ಒಂದು ಕುರ್ಚಿಯ ಅಗಲ ಸುಮಾರು 50 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ನಡುವೆ ಒಂದು ಕುರ್ಚಿ ಖಾಲಿ ಬಿಟ್ಟಾಗ ಇಬ್ಬರ ತಲೆಗಳ ನಡುವೆ 1 ಮೀಟರ್ ಸಿಗುತ್ತದೆ. ಕಿಟಕಿ ಪಕ್ಕದ ಸಾಲಿನಲ್ಲಿ ಒಂದು ಬಿಟ್ಟು ಒಂದು ಕುರ್ಚಿಗೆ ಅಡ್ಡ ಟೇಪ್ ಹಾಕಿಬಿಡಿ. ಜೊತೆಗೆ ಕಿಟಕಿ ತೆರೆದೇ ಇರಲಿ. ಮುಚ್ಚಿದ ಕೋಣೆಯ ಗಾಳಿಯಲ್ಲಿ ತೇಲುವ ಸಣ್ಣ ಹನಿಗಳನ್ನು ಕೈತೊಳೆತವಾಗಲಿ, ಪೋಸ್ಟರ್ ಆಗಲಿ ತಡೆಯುವುದಿಲ್ಲ. ಕಿಟಕಿಯ ಮಾತು ರೋಗಿಗಳಿಗಲ್ಲ, ಸಿಬ್ಬಂದಿಗೆ. ಕಿಟಕಿಯ ಚೌಕಟ್ಟಿನ ಮೇಲೆ ‘ಸಮಯ ಮುಗಿಯುವವರೆಗೆ ಮುಚ್ಚಬೇಡಿ’ ಎಂಬ ಚೀಟಿ ಸಾಕು.

ಕುರ್ಚಿಗಳ ಎದುರಿನ ಪೋಸ್ಟರ್

ಇಲ್ಲಿ ಓದುಗರಿಗೆ ಸಮಯವಿದೆ, ಹತ್ತು ನಿಮಿಷವೋ ಒಂದು ಗಂಟೆಯೋ. ಆದರೂ ವಿಷಯ ಒಂದೇ ಇರಲಿ: ಕೆಮ್ಮು ಬಂದಾಗ ಏನು ಮಾಡಬೇಕು. ‘ಕೆಮ್ಮಿನ ಶಿಷ್ಟಾಚಾರ’ ಎಂಬ ತಲೆಬರಹ ಬೇಡ. ಅದು ತರಬೇತಿಯ ಕಾಗದದಲ್ಲಿ ಬಳಸುವ ಮಾತು. ಕೆಮ್ಮಿ ಸುಸ್ತಾದವರಿಗೆ ತಾವು ಶಿಷ್ಟರಲ್ಲ ಎಂದಂತೆ ಕೇಳಿಸುತ್ತದೆ.

> ಕೆಮ್ಮು, ಸೀನು ಬಂದಾಗ
> ತೋಳು ಮಡಚಿ, ಆ ಮಡಿಕೆಯೊಳಗೆ ಮೂಗು, ಬಾಯಿ ಒತ್ತಿ ಹಿಡಿದು ಕೆಮ್ಮಿ.
> ಮಾಸ್ಕ್ ಹಾಕಿದ್ದರೆ, ಅದನ್ನು ಕೆಳಗೆ ಎಳೆಯದೆ ಕೆಮ್ಮಿ.
> ಕಫ, ಸಿಂಬಳ ಬಂದರೆ ಟಿಶ್ಯೂಗೆ. ಬಳಸಿದ ಟಿಶ್ಯೂ ಆಗಲೇ ಡಬ್ಬಿಗೆ. ಡಬ್ಬಿ ಕಾಲಿನಿಂದ ತೆರೆಯಿರಿ.
> ಅಂಗೈಗೆ ಕೆಮ್ಮಿದಿರಾ? ಏನನ್ನೂ ಮುಟ್ಟುವ ಮೊದಲು ಕೈ ತೊಳೆಯಿರಿ. ಸಿಂಕ್ ಬಲಗಡೆ ಇದೆ →

ಮೊದಲ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಹೆಚ್ಚಿನ ಪೋಸ್ಟರ್‌ಗಳು ಎಡವುವುದು ಇಲ್ಲೇ. ಸಾಮಾನ್ಯವಾಗಿ ಬರೆಯುವುದು ‘ಮೊಣಕೈಯಲ್ಲಿ ಕೆಮ್ಮಿ’ ಎಂದು. ಮೊಣಕೈ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಹೊರಗಿನ ಗಟ್ಟಿ ಮೂಳೆಯ ತುದಿ, ಮೇಜಿಗೆ ಊರುವ ಭಾಗ. ಅದನ್ನು ಬಾಯಿಗೆ ತರಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಓದಿದವರು ತೋಳನ್ನು ಮುಖದ ಮುಂದೆ ಅಡ್ಡ ಹಿಡಿದು, ಒಂದು ಗೇಣು ದೂರದಿಂದ ಕೆಮ್ಮುತ್ತಾರೆ. ಹನಿಗಳು ತೋಳಿನ ಮೇಲಿಂದಲೂ ಕೆಳಗಿನಿಂದಲೂ ಎದುರಿನವರ ಕಡೆ ಹೋಗುತ್ತವೆ. ನಿಜಕ್ಕೂ ಬೇಕಾಗಿರುವುದು ತೋಳು ಮಡಚಿದಾಗ ಒಳಗಡೆ ಉಂಟಾಗುವ ಮಡಿಕೆ, ರಕ್ತ ತೆಗೆಯುವಾಗ ಸೂಜಿ ಚುಚ್ಚುವ ಜಾಗ. ಮೂಗೂ ಬಾಯಿಯೂ ಆ ಮಡಿಕೆಗೆ ತಾಗಬೇಕು. ‘ಒತ್ತಿ ಹಿಡಿದು’ ಎಂಬ ಎರಡು ಪದ ಬಿಟ್ಟರೆ ಇಡೀ ಸಾಲು ಹೋದಂತೆ. ಪಕ್ಕದಲ್ಲಿ ಚಿತ್ರ ಹಾಕುವುದಾದರೆ ಮುಖದ ಒಂದು ಬದಿಯಿಂದ ಬರೆದ ಚಿತ್ರ ಹಾಕಿ. ಎದುರಿನಿಂದ ಬರೆದದ್ದರಲ್ಲಿ ತೋಳು ಮುಖಕ್ಕೆ ತಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಅಂಗೈ ಬೇಡ, ತೋಳಿನ ಮಡಿಕೆ ಸರಿ ಎನ್ನುವುದೇಕೆ? ಅಂಗೈಯಿಂದ ನಾವು ಬಾಗಿಲ ಹಿಡಿ, ಪೆನ್ನು, ಮಗುವಿನ ಕೈ, ಹಣ ಎಲ್ಲವನ್ನೂ ಮುಟ್ಟುತ್ತೇವೆ. ತೋಳಿನ ಮಡಿಕೆಯಿಂದ ಏನನ್ನೂ ಮುಟ್ಟುವುದಿಲ್ಲ. ಫ್ಲೂ ವೈರಾಣು ನಮ್ಮ ಚರ್ಮದ ಮೇಲೆ ಕೆಲವೇ ನಿಮಿಷ ಬದುಕುತ್ತದೆ, ಸ್ಟೀಲು, ಪ್ಲಾಸ್ಟಿಕ್‌ನಂಥ ನುಣುಪು ಗಟ್ಟಿ ಮೈಗಳ ಮೇಲೆ ಒಂದೆರಡು ದಿನದವರೆಗೂ ಉಳಿಯಬಲ್ಲದು. ಕೈಯಲ್ಲಿ ಬೇಗ ಸಾಯುತ್ತದೆ ಎಂದು ಸಮಾಧಾನಪಡುವಂತಿಲ್ಲ. ಕೆಮ್ಮಿದ ಕೈಯಿಂದ ಬಾಗಿಲ ಹಿಡಿಗೆ, ಅಲ್ಲಿಂದ ಇನ್ನೊಬ್ಬರ ಕೈಗೆ, ಅವರ ಮೂಗಿಗೆ ಹೋಗಲು ನಿಮಿಷಗಳೂ ಬೇಕಿಲ್ಲ. ಒಂದು ಮಿತಿಯನ್ನೂ ನೆನಪಿಡಿ: ಮಗುವನ್ನು ತೋಳಲ್ಲಿ ಎತ್ತಿಕೊಂಡ ತಾಯಿಗೆ ಮಡಿಕೆಯ ಉಪಾಯ ಸರಿಹೋಗುವುದಿಲ್ಲ, ಮಗುವಿನ ತಲೆ ಇರುವುದೇ ಅಲ್ಲಿ. ಅಂಥವರಿಗೆ ಮಾಸ್ಕ್, ಇಲ್ಲವೇ ಟಿಶ್ಯೂ ಕೊಡಿ. ಇದನ್ನು ಪೋಸ್ಟರಿನಲ್ಲಿ ಬರೆಯುವುದು ಬೇಡ, ಕೌಂಟರ್‌ನಲ್ಲಿರುವವರಿಗೆ ಹೇಳಿಡಿ.

ಎರಡನೇ ಸಾಲು ವಿಚಿತ್ರವೆನಿಸಬಹುದು. ಕೋಣೆಯಲ್ಲಿ ಹತ್ತು ನಿಮಿಷ ಕುಳಿತು ನೋಡಿದರೆ ಅದರ ಅಗತ್ಯ ಗೊತ್ತಾಗುತ್ತದೆ. ಕೆಮ್ಮು ಬಂದಾಗ ಉಸಿರು ಕಟ್ಟಿದಂತಾಗಿ ಎಷ್ಟೋ ಜನ ಮಾಸ್ಕನ್ನು ಗದ್ದಕ್ಕೆ ಎಳೆದು, ಕೆಮ್ಮಿ, ಮತ್ತೆ ಮೇಲಕ್ಕೆ ಏರಿಸುತ್ತಾರೆ. ಮಾಸ್ಕ್ ಹಾಕಿದ್ದರ ಉದ್ದೇಶವೇ ಆ ಒಂದು ಕೆಮ್ಮು. ಒದ್ದೆಯಾದರೆ ಬದಲಿಸಿಕೊಳ್ಳಲಿ, ಎಳೆಯುವುದು ಬೇಡ.

ಟಿಶ್ಯೂ ಮತ್ತು ಡಬ್ಬಿ ಜೊತೆಯಲ್ಲೇ ಇರಬೇಕು, ಕುಳಿತವರು ಎದ್ದು ನಾಲ್ಕು ಹೆಜ್ಜೆಗಿಂತ ಹೆಚ್ಚು ನಡೆಯದಂತೆ. ಡಬ್ಬಿ ದೂರವಿದ್ದರೆ ಬಳಸಿದ ಟಿಶ್ಯೂ ಜೇಬಿಗೆ, ಸೀರೆ ಸೆರಗಿಗೆ, ಕುರ್ಚಿಯ ಸಂದಿಗೆ ಹೋಗುತ್ತದೆ. ಕೈಯಿಂದ ಎತ್ತುವ ಮುಚ್ಚಳದ ಡಬ್ಬಿಯಾದರೆ ಕೆಮ್ಮಿದವರೆಲ್ಲ ಮುಟ್ಟಿದ ಒಂದು ಹೊಸ ಜಾಗ ನೀವೇ ಮಾಡಿಕೊಟ್ಟಂತೆ. ಪೆಡಲ್ ಡಬ್ಬಿ ಸಿಗದಿದ್ದರೆ ಮುಚ್ಚಳ ತೆಗೆದು, ಒಳಗೆ ಚೀಲ ಹಾಕಿ ಇಡುವುದು ಮೇಲು. ಕರವಸ್ತ್ರದ ವಿಷಯ: ಅದನ್ನು ಬಳಸುವವರನ್ನು ತಡೆಯಬೇಡಿ, ಬರಿಗಾಳಿಗೆ ಕೆಮ್ಮುವುದಕ್ಕಿಂತ ಅದು ಒಳ್ಳೆಯದು. ಆದರೆ ಅದೇ ಕರವಸ್ತ್ರದಿಂದ ಮಗುವಿನ ಮುಖ ಒರೆಸುವುದುಂಟು. ಜಾಗವಿದ್ದರೆ ‘ಕೆಮ್ಮಿದ ಕರವಸ್ತ್ರದಿಂದ ಮುಖ ಒರೆಸಬೇಡಿ’ ಎಂದು ಸೇರಿಸಿ.

ಕೊನೆಯ ಸಾಲಿನ ಬಾಣ ಅಲಂಕಾರಕ್ಕಲ್ಲ. ಅದು ನಿಜವಾಗಿ ಸಿಂಕ್ ಇರುವ ಕಡೆಗೇ ತೋರಬೇಕು. ಒಂದೇ ಪೋಸ್ಟರನ್ನು ನಾಲ್ಕು ಗೋಡೆಗೂ ಅಂಟಿಸಿದಾಗ ಎರಡು ಗೋಡೆಯಲ್ಲಿ ಬಾಣ ತಪ್ಪು ದಿಕ್ಕಿಗೆ ತಿರುಗಿರುತ್ತದೆ. ಬಾಣದ ಜಾಗ ಖಾಲಿ ಬಿಟ್ಟು ಮುದ್ರಿಸಿ, ಅಂಟಿಸಿದ ಮೇಲೆ ಮಾರ್ಕರ್ ಪೆನ್ನಿನಿಂದ ಎಳೆಯಿರಿ.

ಸಿಂಕ್ ಮೇಲಿನ ಪೋಸ್ಟರ್

ಇಲ್ಲಿ ಓದುಗರ ಎರಡೂ ಕೈ ಒದ್ದೆ, ಕಣ್ಣು ಮಾತ್ರ ಬಿಡುವಾಗಿದೆ. ಒಂದು ಕೆಲಸ ಮುಗಿಸಿ ಕಣ್ಣೆತ್ತಿದಾಗ ಮುಂದಿನ ಸಾಲು ಸಿಗಬೇಕು. ಆದ್ದರಿಂದ ಕಾರಣಗಳನ್ನು ವಿವರಿಸಬೇಡಿ, ಕೆಲಸವನ್ನಷ್ಟೇ ಹೇಳಿ.

> ಕೈ ತೊಳೆಯುವ ಕ್ರಮ
> 1. ಉಂಗುರ, ಬಳೆ ಮೇಲೆ ಸರಿಸಿ. ಕೈ ಒದ್ದೆ ಮಾಡಿ. ನಲ್ಲಿ ನಿಲ್ಲಿಸಿ.
> 2. ಎರಡೂ ಕೈಗೆ ಸಾಲುವಷ್ಟು ಸೋಪು ಹಾಕಿ.
> 3. ಅಂಗೈಗೆ ಅಂಗೈ: 5 ಸಲ ಉಜ್ಜಿ.
> 4. ಹಿಂಗೈ, ಬೆರಳ ಸಂದಿ: ಒಂದೊಂದು ಕೈಗೆ 5 ಸಲ.
> 5. ಹೆಬ್ಬೆರಳು: ಇನ್ನೊಂದು ಕೈಯ ಮುಷ್ಟಿಯಲ್ಲಿ ಹಿಡಿದು 5 ಸಲ ತಿರುಗಿಸಿ. ಎರಡೂ ಹೆಬ್ಬೆರಳು.
> 6. ಬೆರಳ ತುದಿ, ಉಗುರು: ಅಂಗೈ ಮೇಲೆ 5 ಸಲ ಉಜ್ಜಿ. ಎರಡೂ ಕೈ.
> 7. ಹರಿಯುವ ನೀರಲ್ಲಿ ಸೋಪು ಪೂರ್ತಿ ಹೋಗುವವರೆಗೆ ತೊಳೆಯಿರಿ.
> 8. ಕಾಗದದಿಂದ ಒರೆಸಿ ಒಣಗಿಸಿ. ಅದೇ ಕಾಗದದಿಂದ ನಲ್ಲಿ ನಿಲ್ಲಿಸಿ.

ಉಜ್ಜುವುದಕ್ಕೆ ಕನಿಷ್ಠ 20 ಸೆಕೆಂಡು ಬೇಕು; ಒದ್ದೆ ಮಾಡುವುದರಿಂದ ಒಣಗಿಸುವವರೆಗೆ ಒಟ್ಟು 40ರಿಂದ 60 ಸೆಕೆಂಡು. ಆದರೆ ಸಿಂಕ್ ಮುಂದೆ ಗಡಿಯಾರ ನೋಡುವವರಿಲ್ಲ, ‘20 ಸೆಕೆಂಡು’ ಎಂದು ಓದಿದವರು ಏಳೆಂಟು ಸೆಕೆಂಡಿಗೇ ಆಯಿತೆಂದುಕೊಳ್ಳುತ್ತಾರೆ. ಅದಕ್ಕೇ ಇಲ್ಲಿ ಸಮಯದ ಬದಲು ಎಣಿಕೆ ಕೊಟ್ಟಿದೆ. ಐದು ಸಲ ಉಜ್ಜಲು ಅವಸರವಿಲ್ಲದೆ ಮೂರು ನಾಲ್ಕು ಸೆಕೆಂಡು ಹಿಡಿಯುತ್ತದೆ. ಅಂಗೈ ಒಂದು, ಹಿಂಗೈ ಎರಡು, ಹೆಬ್ಬೆರಳು ಎರಡು, ಬೆರಳ ತುದಿ ಎರಡು, ಒಟ್ಟು ಏಳು ಸಲ ಐದೈದು. ಅವಸರವಿಲ್ಲದೆ ಉಜ್ಜಿದರೆ 20 ಸೆಕೆಂಡು ದಾಟುತ್ತದೆ, ಯಾವ ಭಾಗವೂ ಬಿಟ್ಟುಹೋಗುವುದಿಲ್ಲ. ಸಮಯ ಹೇಳಿದರೆ ಜನ ಅಂಗೈಯನ್ನೇ 20 ಸೆಕೆಂಡು ಉಜ್ಜುತ್ತಾರೆ. ಎಣಿಕೆ ಹೇಳಿದರೆ ಕೈ ಸುತ್ತುತ್ತದೆ.

ಕೈತೊಳೆತದಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಹೆಬ್ಬೆರಳು, ಬೆರಳ ತುದಿ ಮತ್ತು ಸಂದಿ. ನೋಡಿ, ಮೂಗು ಕೆರೆಯುವುದು, ಕಣ್ಣು ಉಜ್ಜುವುದು ಬೆರಳ ತುದಿಯಿಂದಲೇ, ಅಂಗೈಯಿಂದಲ್ಲ. ಅಂದರೆ ತೊಳೆಯುವಾಗ ಮರೆಯುವ ಭಾಗವೇ ಮುಖ ಮುಟ್ಟುವ ಭಾಗ. ಎಂಟೂ ಹಂತಕ್ಕೆ ಜಾಗವಿಲ್ಲದ ಸಣ್ಣ ಸಿಂಕ್ ಆಗಿದ್ದರೆ 4, 5 ಮತ್ತು 6ನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಉಳಿದದ್ದರಲ್ಲಿ ಹೆಚ್ಚಿನದನ್ನು ಜನ ಹೇಗೂ ಮಾಡುತ್ತಾರೆ.

ನೀರು ಬಿಸಿಯಿರಬೇಕೇ? ಬೇಡ. ತಣ್ಣೀರಿನಲ್ಲೂ ಸೋಪು ಅಷ್ಟೇ ಕೆಲಸ ಮಾಡುತ್ತದೆ, ‘ಬೆಚ್ಚಗಿನ ನೀರು’ ಎಂದು ಬರೆದು ಇಲ್ಲದ ಅಡ್ಡಿ ತರಬೇಡಿ. ಕೀಟಾಣುನಾಶಕ ಸೋಪೇ ಆಗಬೇಕೆಂದೂ ಇಲ್ಲ. ಫ್ಲೂ ವೈರಾಣುವಿನ ಹೊರಪೊರೆ ಕೊಬ್ಬಿನದು, ಸಾದಾ ಸೋಪೇ ಅದನ್ನು ಒಡೆಯುತ್ತದೆ, ಉಜ್ಜುವಿಕೆ ಮತ್ತು ಹರಿಯುವ ನೀರು ಉಳಿದದ್ದನ್ನು ಕೊಚ್ಚಿಕೊಂಡು ಹೋಗುತ್ತವೆ. ಬಾರ್ ಸೋಪು ಇಡುವುದಾದರೆ ನೀರು ಇಳಿದುಹೋಗುವ ತೂತಿನ ಡಬ್ಬಿಯಲ್ಲಿಡಿ, ಇಲ್ಲವಾದರೆ ಅದು ಲೋಳೆಯಾಗಿ ಯಾರೂ ಮುಟ್ಟಲು ಒಪ್ಪುವುದಿಲ್ಲ. ದ್ರವ ಸೋಪಿನ ಬಾಟಲಿಗೆ ಅರ್ಧ ಖಾಲಿಯಾದಾಗ ಮೇಲಿಂದ ಸುರಿಯುವುದು ಕೆಟ್ಟ ಅಭ್ಯಾಸ. ತಳದಲ್ಲಿ ಹಳೆಯದು ಉಳಿದು ಅದರಲ್ಲೇ ಬ್ಯಾಕ್ಟೀರಿಯಾ ಬೆಳೆಯಬಹುದು. ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಿ ತುಂಬಿಸಿ. ಸೋಪು ತೆಳುವಾಗಲೆಂದು ನೀರು ಬೆರೆಸುವುದೂ ಬೇಡ.

ಒಣಗಿಸುವ ಹಂತವನ್ನು ಹಲವರು ಕೈಬಿಡುತ್ತಾರೆ. ಒದ್ದೆ ಕೈ ಒಣ ಕೈಗಿಂತ ಬೇಗ ಸೂಕ್ಷ್ಮಾಣುಗಳನ್ನು ಅಂಟಿಸಿಕೊಳ್ಳುತ್ತದೆ, ಅಂಟಿಸುತ್ತದೆ. ಗೋಡೆಗೆ ನೇತುಹಾಕಿದ ಒಂದೇ ಟವೆಲ್‌ನಲ್ಲಿ ನೂರು ಜನ ಒರೆಸಿದರೆ ತೊಳೆದದ್ದೆಲ್ಲ ವ್ಯರ್ಥ. ಕಾಗದದ ಟವೆಲ್‌ಗೆ ಹಣವಿಲ್ಲದಿದ್ದರೆ ಎಂಟನೇ ಸಾಲನ್ನು ‘ಕೈ ಕೊಡವಿ, ಗಾಳಿಗೆ ಒಣಗಿಸಿ’ ಎಂದು ಬದಲಿಸಿ, ಟವೆಲ್ ತೆಗೆದುಬಿಡಿ. ಆಗ ನಲ್ಲಿಯನ್ನು ಮುಂಗೈಯಿಂದ ನಿಲ್ಲಿಸಬಹುದು, ಅದು ಉದ್ದನೆಯ ಹಿಡಿಯ ನಲ್ಲಿಯಾಗಿದ್ದರೆ. ತಿರುಪು ನಲ್ಲಿಯಾಗಿದ್ದರೆ ದಿನಕ್ಕೆ ಹಲವು ಸಲ ನಲ್ಲಿಯ ತಲೆಯನ್ನು ಸೋಪು ನೀರಿನಿಂದ ಒರೆಸುವ ಕೆಲಸ ಸಿಬ್ಬಂದಿಯ ಪಟ್ಟಿಗೆ ಸೇರಲಿ.

ಸ್ಯಾನಿಟೈಸರ್ ಬಾಟಲಿಯ ಮೇಲೆ ಬೇರೆ ಚಿಕ್ಕ ಚೀಟಿ ಅಂಟಿಸಿ: ‘ಅಂಗೈ ತುಂಬ ಹಾಕಿ. ಒಣಗುವವರೆಗೆ ಉಜ್ಜಿ. ಒರೆಸಬೇಡಿ. ಕೈ ಕೊಳೆಯಾಗಿದ್ದರೆ ಸೋಪಿನಿಂದ ತೊಳೆಯಿರಿ.’ ಅದರಲ್ಲಿ ಆಲ್ಕೋಹಾಲ್ ಶೇ 60ಕ್ಕಿಂತ ಕಡಿಮೆ ಇರಬಾರದು. ಕೊಳ್ಳುವಾಗಲೇ ಬಾಟಲಿ ತಿರುಗಿಸಿ ನೋಡಿ. ಒಣಗಲು 20ರಿಂದ 30 ಸೆಕೆಂಡು ಹಿಡಿದರೆ ಹಾಕಿದ್ದು ಸಾಕಾಗಿದೆ, ಐದಾರು ಸೆಕೆಂಡಿಗೇ ಒಣಗಿದರೆ ಸಾಲದು. ವಾಂತಿ ಭೇದಿ ಇರುವವರ ಕೈಗೆ ಸ್ಯಾನಿಟೈಸರ್ ನಂಬಬೇಡಿ, ಅದಕ್ಕೆ ಕಾರಣವಾಗುವ ನೊರೋವೈರಸ್‌ನಂಥವು ಆಲ್ಕೋಹಾಲ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಸೋಪು, ನೀರೇ ಆಗಬೇಕು. ಬಾಟಲಿ ಬೆಂಕಿಯಿಂದ ದೂರ, ಪುಟ್ಟ ಮಕ್ಕಳ ಕೈಗೆಟಕದ ಎತ್ತರದಲ್ಲಿರಲಿ.

ಅಕ್ಷರ

ಕನ್ನಡದ ಪೋಸ್ಟರಿಗೆ ತನ್ನದೇ ತೊಂದರೆಯೊಂದಿದೆ: ಒತ್ತಕ್ಷರ. ‘ಕೆಮ್ಮು’, ‘ಹೆಬ್ಬೆರಳು’, ‘ಉಜ್ಜಿ’, ಈ ವಿಷಯದ ಮುಖ್ಯ ಪದಗಳಲ್ಲೆಲ್ಲ ಒತ್ತು ಇದೆ. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗಿ ಎರಡೂ ಓದಲಾಗುವುದಿಲ್ಲ. ಸಾಲಿನ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಡಿ. ಅತಿ ದಪ್ಪ ಅಕ್ಷರದಲ್ಲಿ ಒತ್ತಿನೊಳಗಿನ ಸಣ್ಣ ಬಿಳಿ ಜಾಗ ಮುಚ್ಚಿಹೋಗಿ ಅದು ಕರಿ ಚುಕ್ಕೆಯಂತೆ ಕಾಣುತ್ತದೆ, ಆದ್ದರಿಂದ ತಲೆಬರಹಕ್ಕೂ ಮಧ್ಯಮ ದಪ್ಪವೇ ಸಾಕು.

ಗಾತ್ರಕ್ಕೆ ಒಂದು ಅಂದಾಜು: ಮೂರು ಮೀಟರ್ ದೂರಕ್ಕೆ ಮುಖ್ಯ ಅಕ್ಷರದ ಎತ್ತರ 25 ಮಿಲಿಮೀಟರ್. ಒತ್ತನ್ನು ಇದರಲ್ಲಿ ಸೇರಿಸಬೇಡಿ. ಕುರ್ಚಿಗಳ ಹಿಂದಿನ ಸಾಲು ಗೋಡೆಯಿಂದ ನಾಲ್ಕೂವರೆ ಮೀಟರ್ ದೂರವಿದ್ದರೆ ಸುಮಾರು 38 ಮಿಲಿಮೀಟರ್ ಬೇಕು. ಮೇಲಿನ ಕೆಮ್ಮಿನ ಪೋಸ್ಟರ್ ಅಷ್ಟು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ಹಿಡಿಸದಿದ್ದರೆ ಅಕ್ಷರ ಕುಗ್ಗಿಸಬೇಡಿ, ಸಾಲು ಕಡಿಮೆ ಮಾಡಿ ಅಥವಾ ಎರಡು ಹಾಳೆ ಪಕ್ಕಪಕ್ಕ ಅಂಟಿಸಿ. ಸಿಂಕ್ ಪೋಸ್ಟರನ್ನು ಅರ್ಧ ಮೀಟರ್ ದೂರದಿಂದ ಓದುತ್ತಾರೆ, ಅಲ್ಲಿ 10 ಮಿಲಿಮೀಟರ್ ಸಾಕು. ಹೊಳೆಯುವ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಬಿದ್ದರೆ ಕುಳಿತವರಿಗೆ ಒಂದು ಬಿಳಿ ಪಟ್ಟಿ ಮಾತ್ರ ಕಾಣುತ್ತದೆ. ಅಂಟಿಸುವ ಮೊದಲು ಕುರ್ಚಿಯಲ್ಲಿ ಕುಳಿತು ನೋಡಿ. ಸಿಂಕ್ ಪೋಸ್ಟರಿಗಂತೂ ನೀರು ಸಿಡಿಯುವುದರಿಂದ ಲ್ಯಾಮಿನೇಷನ್ ಬೇಕೇ ಬೇಕು, ಹೊಳಪಿಲ್ಲದ ಬಗೆಯದು ಕೇಳಿ ಮಾಡಿಸಿ.

ಅಂಟಿಸಿದ ಮೇಲೆ ನೋಡುವುದು

ಮುದ್ರಣಕ್ಕೆ ಕೊಡುವ ಮೊದಲು ಕೈಬರಹದ ಪ್ರತಿಯನ್ನು ನಾಲ್ಕೈದು ಜನಕ್ಕೆ ತೋರಿಸಿ. ಅವರಲ್ಲಿ ಒಬ್ಬರು ವಯಸ್ಸಾದವರು, ಒಬ್ಬರು ಹೆಚ್ಚು ಓದದವರು ಇರಲಿ. ‘ಅರ್ಥವಾಯಿತೇ?’ ಎಂದು ಕೇಳಬೇಡಿ, ಎಲ್ಲರೂ ಆಯಿತು ಎನ್ನುತ್ತಾರೆ. ‘ಇದರಲ್ಲಿ ಹೇಳಿದಂತೆ ಒಮ್ಮೆ ಮಾಡಿ ತೋರಿಸಿ’ ಎನ್ನಿ. ತೋಳು ಮುಖಕ್ಕೆ ತಾಗದೆ ದೂರ ನಿಂತರೆ ಮೊದಲ ಸಾಲು ತಿದ್ದಬೇಕು. ಹೆಬ್ಬೆರಳು ಹಿಡಿಯುವಾಗ ತಡವರಿಸಿದರೆ ಅಲ್ಲಿ ಚಿತ್ರ ಬೇಕು.

ಕೈತೊಳೆತ ಹೆಚ್ಚಿದೆಯೋ ಇಲ್ಲವೋ ತಿಳಿಯಲು ಸೋಪೇ ಸಾಕ್ಷಿ. ಬಾಟಲಿಯ ಪಂಪನ್ನು ಹತ್ತು ಸಲ ಒತ್ತಿ ಬಂದದ್ದನ್ನು ಔಷಧಿ ಅಳೆಯುವ ಲೋಟದಲ್ಲಿ ಅಳೆಯಿರಿ. 15 ಮಿಲಿಲೀಟರ್ ಬಂದರೆ ಒಂದು ಒತ್ತಿಗೆ ಒಂದೂವರೆ. ಮೂರು ದಿನದಲ್ಲಿ 300 ಜನ ಬಂದು ಬಾಟಲಿಯಲ್ಲಿ 90 ಮಿಲಿಲೀಟರ್ ಕಡಿಮೆಯಾಗಿದ್ದರೆ ಒಟ್ಟು 60 ಒತ್ತು, ಅಂದರೆ ಹೆಚ್ಚೆಂದರೆ ಐವರಲ್ಲಿ ಒಬ್ಬರು ತೊಳೆದಿದ್ದಾರೆ. ಪೋಸ್ಟರ್ ಅಂಟಿಸುವ ಮೊದಲಿನ ಮೂರು ದಿನ, ಅಂಟಿಸಿದ ನಂತರದ ಮೂರು ದಿನ ಹೀಗೆ ಅಳೆದು ಹೋಲಿಸಿ. ಸಿಬ್ಬಂದಿ ಬಳಸುವ ಸೋಪು ಬೇರೆ ಬಾಟಲಿಯಲ್ಲಿರಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ. ವ್ಯತ್ಯಾಸ ಕಾಣದಿದ್ದರೆ ಮಾತನ್ನು ತಿದ್ದುವ ಮೊದಲು ಸಿಂಕ್ ಕಡೆ ನೋಡಿ. ಅನೇಕ ಸಲ ತೊಂದರೆ ಅಲ್ಲಿರುತ್ತದೆ: ಸರದಿ ತಪ್ಪೀತೆಂದು ಎದ್ದು ಹೋಗಲು ಹೆದರುವಷ್ಟು ದೂರದಲ್ಲಿ ಸಿಂಕ್ ಇರುತ್ತದೆ. ಆಗ ಕೆಮ್ಮಿನ ಪೋಸ್ಟರಿನ ಕೊನೆಗೆ ‘ನಿಮ್ಮ ಸರದಿ ಹೋಗುವುದಿಲ್ಲ’ ಎಂಬ ಮೂರು ಪದ ಸೇರಿಸಿ, ಕೌಂಟರ್‌ನವರು ಆ ಮಾತನ್ನು ಉಳಿಸಿಕೊಳ್ಳುವಂತೆ ನೋಡಿಕೊಳ್ಳಿ.

ಪ್ರತಿ ಪೋಸ್ಟರಿನ ಕೆಳಮೂಲೆಯಲ್ಲಿ ಅಂಟಿಸಿದ ತಾರೀಖು ಬರೆಯಿರಿ. ವರ್ಷವಿಡೀ ಇರುವ ಪೋಸ್ಟರ್ ಎರಡನೇ ತಿಂಗಳಿಗೇ ಗೋಡೆಯ ಬಣ್ಣವಾಗಿಬಿಡುತ್ತದೆ. ಜ್ವರದ ಹಾವಳಿ ಇಳಿದಾಗ ಬಾಗಿಲಿನದನ್ನೂ ಕುರ್ಚಿ ಎದುರಿನದನ್ನೂ ತೆಗೆದು ಮಡಚಿಡಿ. ಸಿಂಕ್ ಮೇಲಿನದು ಮಾತ್ರ ಅಲ್ಲೇ ಇರಲಿ.